ನೋಡುವ ಮಗು, ಹಾಡುವ ಮಗು

ಕಳೆದ ಮಳೆಗಾಲದ ಒಂದು ಭಾನುವಾರ ಮಧ್ಯಾಹ್ನ ನಾವು ಮಾಟುಂಗದ ಸಮೀಪದ ಚಾಳಿನಲ್ಲಿ ವಾಸವಾಗಿರುವ ಹಳೆಯ ಮಿತ್ರರೊಬ್ಬರ ಮನೆಗೆ ಹೋಗಿದ್ದೆವು. ಹಿಂದೆ ನಾವು ಹೋಟೆಲು ನಡೆಸುತ್ತಿದ್ದಾಗ ನಮ್ಮ ಗಲ್ಲೆಯ ಮೇಲೆ ಕುಳಿತು ಲೆಕ್ಕ ನೋಡುತ್ತಿದ್ದವರು ಅವರು. ಮೂಲೆಯಲ್ಲಿ ಅವರ ಮೂರು ವರ್ಷದ ಮಗಳು ಮೊಬೈಲನ್ನು ಎರಡೂ ಕೈಗಳಲ್ಲಿ ಹಿಡಿದು ಕನ್ನಡದ ಒಂದು ಶಿಶುಗೀತೆಯ ವಿಡಿಯೋ ನೋಡುತ್ತಿದ್ದಳು. ಬಣ್ಣ ಬಣ್ಣದ ಚಿತ್ರಗಳು ಓಡುತ್ತಿದ್ದುವು, ವಾದ್ಯಗಳು ಭೋರ್ಗರೆಯುತ್ತಿದ್ದುವು. ಮಗುವಿನ ಕಣ್ಣು ರೆಪ್ಪೆ ಬಡಿಯದೆ ನೋಡುತ್ತಿತ್ತು. ಬಾಯಿ ಮಾತ್ರ ಮುಚ್ಚಿಯೇ ಇದ್ದಿತು.

"ಧಣಿಗಳೇ, ದಿನಾಲೂ ಇದನ್ನೇ ನೋಡುತ್ತಾಳೆ. ಆದರೆ ಒಂದು ಶಬ್ದವೂ ಬಾಯಿಗೆ ಬರುವುದಿಲ್ಲ. ಊರಿನಿಂದ ನಮ್ಮ ಅಮ್ಮ ಫೋನು ಮಾಡಿದರೆ ಇವಳು ಹಿಂದಿಯಲ್ಲಿ ಏನೋ ಅಂದು ಓಡಿಹೋಗುತ್ತಾಳೆ. ಅಮ್ಮನಿಗೆ ಹಿಂದಿ ಬಾರದು" ಎಂದರು ಮಿತ್ರರು.

ಈ ಒಂದು ಮಾತು ನಮ್ಮನ್ನು ಐದು ತಿಂಗಳ ಕೆಲಸಕ್ಕೆ ಹಚ್ಚಿತು. ಮಿತ್ರರು, ಅವರ ಪತ್ನಿ, ಬ್ಯಾಂಕಿನಲ್ಲಿ ಗುಮಾಸ್ತರಾಗಿರುವ ಇನ್ನೊಬ್ಬ ಸ್ನೇಹಿತರು ಮತ್ತು ನಾವು ಕೂಡಿ, ಮಕ್ಕಳು ನೋಡುತ್ತ ಹಾಡಬಹುದಾದ ಒಂದು ಚಿಕ್ಕ ವಿಡಿಯೋವನ್ನು ತಯಾರಿಸಿದೆವು. ಮೊದಲನೆಯ ಸಲ ಸಂಪೂರ್ಣವಾಗಿ ಸೋತೆವು. ಎರಡನೆಯ ಸಲ ಕೆಲಸ ಕೈಗೂಡಿತು. ಸೋತದ್ದೇಕೆ, ಕೈಗೂಡಿದ್ದು ಹೇಗೆ ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಸೋಲು

ನಮ್ಮ ಮೊದಲ ವಿಡಿಯೋದಲ್ಲಿ ಮಗುವೊಂದು ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಬಳೆ ತೊಟ್ಟು, ರೈಲು ಹತ್ತಿ, ಸಮುದ್ರ ನೋಡಲು ಹೋಗುತ್ತಿತ್ತು. ಚರಣ ಚರಣಕ್ಕೂ ಹೊಸ ಸ್ಥಳ, ಹೊಸ ಬಣ್ಣ, ಹೊಸ ಮಾತು. ಹಾಡಿದವರು ಮಿತ್ರರೇ, ಅವರ ಕಂಠ ಗಡುಸಾದುದು. ರಾಗವನ್ನು ಹಳೆಯ ಸಿನಿಮಾ ಹಾಡೊಂದರ ಧಾಟಿಯಿಂದ ತೆಗೆದುಕೊಂಡಿದ್ದೆವು. ದೊಡ್ಡವರೆಲ್ಲ ನೋಡಿ ಭಲೇ ಎಂದರು. ಚಾಳಿನ ಆರು ಮಕ್ಕಳನ್ನು ಕೂರಿಸಿ ತೋರಿಸಿದಾಗ ಆರೂ ಮಕ್ಕಳು ಸದ್ದಿಲ್ಲದೆ ನೋಡಿದುವು. ಮುಗಿದೊಡನೆ ಎದ್ದು ಹೋದುವು. ನಾಲ್ಕು ದಿನ ತೋರಿಸಿದರೂ ಅಷ್ಟೇ.

ಮಗು ಸುಮ್ಮನೆ ನೋಡುವುದನ್ನು ಮೆಚ್ಚುಗೆಯ ಗುರುತೆಂದು ನಾವು ತಪ್ಪು ತಿಳಿದಿದ್ದೆವು. ಎಡೆಬಿಡದೆ ಬದಲಾಗುವ ಚಿತ್ರ ಮಗುವಿನ ಕಣ್ಣನ್ನು ಹಿಡಿದಿಡುತ್ತದೆ, ನಿಜ. ಆದರೆ ಮುಂದೆ ಏನು ಬರುವುದೆಂದು ತಿಳಿಯದ ಮಗು ಹಾಡಲು ಬಾಯಿ ತೆರೆಯುವುದಾದರೂ ಹೇಗೆ? ದೊಡ್ಡವರಾದ ನಾವು ಭಜನೆಯಲ್ಲಿ ದನಿಗೂಡಿಸುವುದು ಪಲ್ಲವಿ ಮರಳಿ ಬಂದಾಗ. ಮಗುವಿನ ವಿಷಯವೂ ಅದೇ. ಮುಂದಿನ ಮಾತು ಇಂಥದೆಂದು ಅದಕ್ಕೆ ಮೊದಲೇ ಗೊತ್ತಿರಬೇಕು. ಅದನ್ನು ಗೊತ್ತುಮಾಡಿಕೊಡುವುದೇ ಚಿತ್ರದ ಕೆಲಸ. ಅಕ್ಷರ ಬಾರದ ಮಗುವಿಗೆ ಚಿತ್ರವೇ ಹಾಡಿನ ಪುಸ್ತಕ.

ಇದು ನಮ್ಮ ಊಹೆ ಮಾತ್ರವಲ್ಲ. ಅಮೆರಿಕದಲ್ಲಿ 1996ರಲ್ಲಿ ಆರಂಭವಾದ 'ಬ್ಲೂಸ್ ಕ್ಲೂಸ್' ಎಂಬ ಮಕ್ಕಳ ದೂರದರ್ಶನ ಕಾರ್ಯಕ್ರಮದವರು ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನವೂ ತೋರಿಸಿದರು. ಕಾರ್ಯಕ್ರಮ ನಡೆಸುವಾತ ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಸುಮ್ಮನೆ ಕಾಯುತ್ತಿದ್ದ. ಮಕ್ಕಳು ಇದನ್ನು ಹೇಗೆ ನೋಡುತ್ತಾರೆಂಬ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಅದೇ ಕಂತನ್ನು ಮತ್ತೆ ಮತ್ತೆ ನೋಡಿದಂತೆ ಮಕ್ಕಳು ಪರದೆಗೆ ಉತ್ತರ ಹೇಳುವುದೂ ಕೈಯಾಡಿಸುವುದೂ ಹೆಚ್ಚಿತೆಂದು ಅದರಲ್ಲಿ ಕಂಡುಬಂದಿತು. ದೊಡ್ಡವರಿಗೆ ಬೇಸರ ತರುವ ಪುನರಾವೃತ್ತಿಯೇ ಮಗುವಿನ ಬಾಯಿ ತೆರೆಯಿಸುವ ಕೀಲಿ.

ಹಾಡನ್ನು ಅಳೆದದ್ದು

ಎರಡನೆಯ ಸಲ ಹಾಡನ್ನು ನಾವೇ ಕಟ್ಟಿದೆವು. ನಮಗೆ ತಿಳಿದ ಲೋಕ ಅಡಿಗೆಮನೆ. ಆದುದರಿಂದ ಹಾಡೂ ಅಲ್ಲಿಯದೇ. ಮುಚ್ಚಿದ ಒಂದು ಪಾತ್ರೆ. ಒಳಗೇನಿದೆ ಎಂಬ ಪ್ರಶ್ನೆ. ಒಂದು ಚರಣ ಹೀಗಿದೆ:

ಮುಚ್ಚಳ ತೆಗೆದರೆ ಏನುಂಟು?
ಮುಚ್ಚಳ ತೆಗೆದರೆ ಏನುಂಟು?
ಬಿಸಿಬಿಸಿ ಇಡ್ಲಿ ಅಲ್ಲುಂಟು!
ಊಫ್ ಊಫ್ ಊದಿ ತಿನ್ನೋಣ!

ಎರಡನೆಯ ಚರಣದಲ್ಲಿ 'ಇಡ್ಲಿ' ಎಂಬಲ್ಲಿ 'ದೋಸೆ', ಮೂರನೆಯದರಲ್ಲಿ 'ಅನ್ನ', ನಾಲ್ಕನೆಯದರಲ್ಲಿ 'ಪೂರಿ'. ಉಳಿದ ಒಂದಕ್ಷರವೂ ಬದಲಾಗದು. ಐದನೆಯ ಚರಣದಲ್ಲಿ ಮಾತ್ರ ಪಾತ್ರೆಯೊಳಗೆ ಕರಿಯ ಬೆಕ್ಕೊಂದು ಕುಳಿತಿರುತ್ತದೆ. ಮ್ಯಾಂವ್ ಎಂದು ಓಡಿಹೋಗುತ್ತದೆ. ನಾಲ್ಕು ಸಲ ಒಂದೇ ಬಗೆಯಾಗಿ ನಡೆದುದರಿಂದಲೇ ಐದನೆಯದು ನಗೆ ತರುತ್ತದೆ. ಎರಡನೆಯ ಚರಣದಲ್ಲೇ ಬೆಕ್ಕು ಬಂದಿದ್ದರೆ ಮಗುವಿಗೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ.

ಹಾಡನ್ನು ಶಾಲೆಯಲ್ಲಿ ಕಲಿತ ಮಾತ್ರಾಗಣದ ಲೆಕ್ಕದಲ್ಲೇ ಅಳೆದೆವು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. 'ಮುಚ್ಚಳ' ನಾಲ್ಕು ಮಾತ್ರೆ, 'ತೆಗೆದರೆ' ನಾಲ್ಕು, 'ಏನುಂ' ನಾಲ್ಕು. ಕೊನೆಗೆ 'ಟು' ಒಂದು, ಬಳಿಕ ಮೂರು ಮಾತ್ರೆಗಳ ಮೌನ. ಆ ಮೌನದಲ್ಲಿ ಮಗು ಉಸಿರೆಳೆದುಕೊಳ್ಳುತ್ತದೆ. ಇಡ್ಲಿ, ದೋಸೆ, ಅನ್ನ, ಪೂರಿ, ಬೆಕ್ಕು—ಇವೆಲ್ಲ ಮೂರು ಮಾತ್ರೆಯ ಎರಡಕ್ಷರದ ಶಬ್ದಗಳು; ಒಂದರ ಜಾಗದಲ್ಲಿ ಇನ್ನೊಂದು ತಾಳ ತಪ್ಪದೆ ಕುಳಿತುಕೊಳ್ಳುತ್ತದೆ.

ಈ ಲೆಕ್ಕ ಪಂಡಿತರ ಹಠವೆಂದು ಯಾರೂ ಭಾವಿಸಬಾರದು. ಹೋಟೆಲಿನವರಾದ ನಮಗೆ ವಡೆಯನ್ನೂ ಉಪ್ಪಿಟ್ಟನ್ನೂ ಬಿಡಲು ಮನಸ್ಸಿರಲಿಲ್ಲ. ಆದರೆ 'ವಡೆ' ಎರಡೇ ಮಾತ್ರೆ. ತಾಳಕ್ಕಾಗಿ ಎಳೆದರೆ ಅದು 'ವಾಡೆ' ಆಗುತ್ತದೆ. 'ಉಪ್ಪಿಟ್ಟು' ಐದು ಮಾತ್ರೆ. ಆ ಜಾಗದಲ್ಲಿ ತುರುಕಿದರೆ ಒತ್ತಕ್ಷರಗಳು ಸವೆದುಹೋಗುತ್ತವೆ. ಮೊದಲ ವಿಡಿಯೋದಲ್ಲಿ ಆದದ್ದೇ ಇದು: ಸಿನಿಮಾ ಧಾಟಿಯ ದೀರ್ಘಸ್ವರದ ಮೇಲೆ 'ಬಳೆ' ಬಿದ್ದು 'ಬಾಳೆ' ಎಂದು ಕೇಳಿಸುತ್ತಿತ್ತು. ಚಿತ್ರದಲ್ಲಿ ಬಳೆ, ಕಿವಿಯಲ್ಲಿ ಬಾಳೆ! ಊರಿನಲ್ಲಿ ಬೆಳೆಯುವ ಮಗು ಇದನ್ನು ತಾನೇ ತಿದ್ದಿಕೊಂಡೀತು. ಮುಂಬಯಿಯಲ್ಲಿ ದಿನಕ್ಕೆ ಹತ್ತಿಪ್ಪತ್ತು ಕನ್ನಡ ಮಾತುಗಳನ್ನಷ್ಟೇ ಕೇಳುವ ಮಗು ಏನು ಮಾಡಬೇಕು?

ಇದೇ ಕಾರಣದಿಂದ, ಬದಲಾಗುವ ಶಬ್ದಕ್ಕೆ ವಿಭಕ್ತಿ ಪ್ರತ್ಯಯವನ್ನೂ ಹಚ್ಚಲಿಲ್ಲ. ಒಂದು ಕಡೆ 'ಇಡ್ಲಿ', ಇನ್ನೊಂದು ಕಡೆ 'ಇಡ್ಲಿಯನ್ನು', ಮತ್ತೊಂದು ಕಡೆ 'ಇಡ್ಲಿಗೆ' ಎಂದರೆ ಎಳೆಯ ಕಿವಿಗೆ ಅವು ಮೂರು ಬೇರೆ ಶಬ್ದಗಳು. ಹಾಲನ್ನು ಕೈಬಿಟ್ಟದ್ದಕ್ಕೆ ಕಾರಣ ಬೇರೆ. 'ಹಾಲು' ಎಂಬುದು ಮಾತ್ರೆಗೆ ಸರಿಹೊಂದುತ್ತಿತ್ತು. ಆದರೆ ಹಾಲನ್ನು ತಿನ್ನಲಾಗದು. ಕೊನೆಯ ಸಾಲನ್ನು 'ಕುಡಿಯೋಣ' ಎಂದು ತಿದ್ದಬೇಕಾಗುತ್ತಿತ್ತು. ಒಂದು ಚರಣದಲ್ಲಿ ಒಂದೇ ಬದಲಾವಣೆ ಎಂಬ ನಿಯಮ ಅಲ್ಲಿ ಮುರಿಯುತ್ತಿತ್ತು.

ವೇಗ ಮತ್ತು ಶ್ರುತಿ

ಮೊದಲ ಹಾಡು ನಿಮಿಷಕ್ಕೆ 140 ಪೆಟ್ಟುಗಳ ವೇಗದಲ್ಲಿ ಓಡುತ್ತಿತ್ತು. ಎರಡನೆಯದನ್ನು ನಿಮಿಷಕ್ಕೆ 100 ಪೆಟ್ಟುಗಳಿಗೆ ಇಳಿಸಿದೆವು. ಆಗ ಒಂದು ಪೆಟ್ಟಿಗೆ 0.6 ಸೆಕೆಂಡು. ನಾಲ್ಕು ಮಾತ್ರೆಯ ಒಂದು ಗಣಕ್ಕೆ ಎರಡು ಪೆಟ್ಟು ಕೊಟ್ಟೆವು. ಒಂದು ಸಾಲಿಗೆ ಎಂಟು ಪೆಟ್ಟು, ಅಂದರೆ 4.8 ಸೆಕೆಂಡು. ದೊಡ್ಡವರಿಗೆ ಇದು ತೂಕಡಿಕೆ ತರಿಸುವ ವೇಗ. ಮೂರು ವರ್ಷದ ನಾಲಗೆಗೆ ಸರಿಯಾದ ವೇಗ.

ಗಂಡಸಿನ ದನಿ ಮಗುವಿನ ದನಿಗಿಂತ ಬಹಳ ಕೆಳಗಿರುವುದರಿಂದ ಮಗುವಿಗೆ ಅದರೊಡನೆ ಸ್ವರ ಸೇರಿಸುವುದು ಕಷ್ಟ. ಆದುದರಿಂದ ಈ ಸಲ ಮಿತ್ರರ ಪತ್ನಿಯವರು ಹಾಡಿದರು. ಹಾರ್ಮೋನಿಯಂನ ಮಧ್ಯದ 'ಸಿ' ಮನೆಯ ಮುಂದಿನ 'ಡಿ'ಯನ್ನು ಷಡ್ಜವಾಗಿಟ್ಟುಕೊಂಡು ಪಂಚಮದವರೆಗಿನ ಐದು ಸ್ವರಗಳಲ್ಲೇ ಹಾಡನ್ನು ಮುಗಿಸಿದೆವು. ಎಳೆಯ ಮಕ್ಕಳ ಕಂಠ ಸುಲಭವಾಗಿ ಆಡುವುದು ಸುಮಾರಾಗಿ ಆ ಎಲ್ಲೆಯೊಳಗೆ. ವಾದ್ಯವೆಂದರೆ ಒಂದು ಹಾರ್ಮೋನಿಯಂ, ಪೆಟ್ಟಿಗೊಂದು ಸಲ ಸ್ಟೀಲು ಲೋಟದ ಮೇಲೆ ಚಮಚದ ಸದ್ದು. ಮಾತಿನ ವ್ಯಂಜನಗಳು ಕಿವಿಗೆ ಬಿಡಿಬಿಡಿಯಾಗಿ ಬೀಳಬೇಕಾದರೆ ವಾದ್ಯ ಹಿಂದೆ ನಿಲ್ಲಬೇಕು.

ಚಿತ್ರ ಮೊದಲು, ಮಾತು ಅನಂತರ

ಇನ್ನು ಚಿತ್ರದ ವಿಚಾರ. ಒಂದೇ ಮೇಜು, ಒಂದೇ ಪಾತ್ರೆ, ಎಡಗಡೆಗೆ ಒಂದು ಮಗುವಿನ ಮುಖ. ಐದು ಚರಣಗಳಲ್ಲೂ ಇವು ಕೂದಲೆಳೆಯಷ್ಟೂ ಕದಲುವುದಿಲ್ಲ. ಹೋಟೆಲಿನಲ್ಲಿ ತಟ್ಟೆ ಅದೇ, ಚಟ್ನಿಯ ಬಟ್ಟಲು ಅದೇ. ಬಡಿಸುವ ತಿಂಡಿ ಮಾತ್ರ ಬೇರೆ ಅಲ್ಲವೇ? ಹಾಗೆಯೇ ಇಲ್ಲಿಯೂ. ಕಣ್ಣಿಗೆ ಎಲ್ಲಿ ನೋಡಬೇಕೆಂಬ ಚಿಂತೆಯಿಲ್ಲದಿದ್ದರೆ ಮಗುವಿನ ಗಮನ ಬಾಯಿಯ ಕಡೆಗೆ ತಿರುಗುತ್ತದೆ.

ಒಂದೊಂದು ಗಣಕ್ಕೆ ಒಂದೊಂದು ಚಲನೆ. 'ಮುಚ್ಚಳ' ಎಂದಾಗ ಮುಚ್ಚಳವು ಟಕ್ಕೆಂದು ಕುಣಿಯುತ್ತದೆ. 'ತೆಗೆದರೆ' ಎಂದಾಗ ಕೈಯೊಂದು ಬಂದು ಅದರ ಹಿಡಿಯನ್ನು ಹಿಡಿಯುತ್ತದೆ. 'ಏನುಂಟು' ಎಂದಾಗ ಮಗು ಎರಡೂ ಅಂಗೈಗಳನ್ನು ಮೇಲಕ್ಕೆ ತೆರೆಯುತ್ತದೆ. ಈ ಅನುಕ್ರಮದಲ್ಲಿ ಕನ್ನಡದ ಗುಣವೊಂದಿದೆ. ಕನ್ನಡದಲ್ಲಿ ವಸ್ತು ಮೊದಲು ಬಂದು ಕ್ರಿಯೆ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕ್ರಿಯೆ ಬಂದು ಅನಂತರ ವಸ್ತು. ಇಂಗ್ಲಿಷಿಗಾಗಿ ಬರೆದ ಚಿತ್ರಗಳ ಮೇಲೆ ಕನ್ನಡ ಹಾಡನ್ನು ಹಚ್ಚಿದರೆ, ಮುಚ್ಚಳವೆಂಬ ಮಾತಿಗೆ ತೆಗೆಯುವ ಕೈಯೂ, ತೆಗೆಯುವ ಮಾತಿಗೆ ಬರಿಯ ಮುಚ್ಚಳವೂ ಬೀಳುತ್ತವೆ. ಆ ಭಾನುವಾರ ಮಿತ್ರರ ಮಗಳು ನೋಡುತ್ತಿದ್ದ ವಿಡಿಯೋದಲ್ಲಿ ಈ ದೋಷವೇ ಇದ್ದಿತೆಂಬುದು ನಮಗೆ ಬಳಿಕ ಹೊಳೆಯಿತು.

ಎರಡನೆಯ ಪ್ರಶ್ನೆ ಮುಗಿದ ಮೇಲೆ ಹಾಡು ನಿಲ್ಲುತ್ತದೆ. ನಾಲ್ಕು ಪೆಟ್ಟುಗಳಷ್ಟು ಕಾಲ ಲೋಟದ ಸದ್ದು ಮಾತ್ರ. ಮೊದಲೆರಡು ಪೆಟ್ಟಿಗೆ ಮುಚ್ಚಳ ನಡುಗುತ್ತದೆ. ಮುಂದಿನ ಎರಡಕ್ಕೆ ಮೇಲೇಳುತ್ತದೆ. ಇಡ್ಲಿ ಕಾಣಿಸುತ್ತದೆ. ಬಳಿಕ 'ಬಿಸಿಬಿಸಿ' ಎಂದು ಹಾಡು ಮತ್ತೆ ಆರಂಭ. ಅದರ ಮೇಲೆ 'ಇಡ್ಲಿ'. ಅಂದರೆ ಇಡ್ಲಿಯ ಚಿತ್ರವು ಇಡ್ಲಿಯೆಂಬ ಮಾತಿಗಿಂತ 2.4 ಸೆಕೆಂಡು ಮೊದಲೇ ಬಂದಿರುತ್ತದೆ. ಮಗು ಚಿತ್ರ ನೋಡಿ, ಶಬ್ದವನ್ನು ನೆನೆದು, ಬಾಯಿಗೆ ತರಲು ಇಷ್ಟು ಕಾಲ ಬೇಕು. ಮೊದಲು ಈ ವಿರಾಮವನ್ನು ಎರಡೇ ಪೆಟ್ಟಿಗೆ ಇಟ್ಟಿದ್ದೆವು. ಮಕ್ಕಳು ಬಾಯಿ ತೆರೆಯುವಷ್ಟರಲ್ಲಿ ಹಾಡೇ ಉತ್ತರ ಹೇಳಿಬಿಡುತ್ತಿತ್ತು. ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಇದನ್ನು ಕಂಡು ವಿರಾಮವನ್ನು ಇಮ್ಮಡಿಸಿದೆವು.

ಕಾಗದ, ಕತ್ತರಿ, ಮೊಬೈಲು

ಚಿತ್ರಗಳನ್ನು ಗಟ್ಟಿ ಕಾಗದದಲ್ಲಿ ಕತ್ತರಿಸಿ ಮಾಡಿದೆವು. ಮೇಜಿನ ಮೇಲೆ ಅವನ್ನು ಹರಡಿ, ಮೇಲಿನಿಂದ ಮೊಬೈಲನ್ನು ಅಲುಗಾಡದಂತೆ ಕಟ್ಟಿ, ತುಣುಕುಗಳನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಒಂದೊಂದೇ ಛಾಯಾಚಿತ್ರ ತೆಗೆಯುವ ಕ್ರಮ. ವಿಡಿಯೋದಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳನ್ನು ಇಟ್ಟುಕೊಂಡರೆ 0.6 ಸೆಕೆಂಡಿನ ಒಂದು ಪೆಟ್ಟಿಗೆ ಸರಿಯಾಗಿ 15 ಚೌಕಟ್ಟು, ಶೇಷ ಉಳಿಯುವುದಿಲ್ಲ. ಒಂದು ಛಾಯಾಚಿತ್ರವನ್ನು ಐದು ಚೌಕಟ್ಟುಗಳ ಕಾಲ ನಿಲ್ಲಿಸಿದರೆ ಪೆಟ್ಟಿಗೆ ಮೂರು ಚಿತ್ರ ಸಾಕು. ಚರಣಕ್ಕೆ ವಿರಾಮವೂ ಸೇರಿ 36 ಪೆಟ್ಟು. ಆದುದರಿಂದ 108 ಚಿತ್ರಗಳು.

ಪುನರಾವೃತ್ತಿಯ ಲಾಭ ಇಲ್ಲಿ ಕೈಗೆ ಸಿಗುತ್ತದೆ. ಮುಚ್ಚಳ ಏಳುವವರೆಗಿನ 18 ಪೆಟ್ಟುಗಳು ಐದು ಚರಣಗಳಿಗೂ ಸಮಾನ. ಅದನ್ನು ಒಮ್ಮೆ ತೆಗೆದು ಐದು ಕಡೆ ಜೋಡಿಸಿದರಾಯಿತು. ಹೊಸದಾಗಿ ತೆಗೆಯಬೇಕಾದದ್ದು ಉಳಿದ 18 ಪೆಟ್ಟುಗಳ 54 ಚಿತ್ರಗಳನ್ನು ಮಾತ್ರ. ಹೀಗೆ 540 ಚಿತ್ರಗಳ ಬದಲು 324ರಲ್ಲಿ ಕೆಲಸ ಮುಗಿಯಿತು. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಬರುತ್ತಿದ್ದ ಮಿತ್ರರಿಗೆ ಇದು ಸಣ್ಣ ಉಳಿತಾಯವಾಗಿರಲಿಲ್ಲ. ಆರಂಭಕ್ಕೂ ಅಂತ್ಯಕ್ಕೂ ಎಂಟೆಂಟು ಪೆಟ್ಟುಗಳ ನಿಶ್ಚಲ ಚಿತ್ರ ಸೇರಿಸಿ ಒಟ್ಟು ಎರಡು ನಿಮಿಷಕ್ಕೆ ತುಸು ಕಡಮೆಯಾಯಿತು.

ಎರಡು ತಪ್ಪುಗಳನ್ನು ಮಾತ್ರ ಹೇಳುತ್ತೇವೆ. ಮೊದಲ ದಿನ ಕಿಟಕಿಯ ಬೆಳಕಿನಲ್ಲಿ ತೆಗೆದೆವು. ಮೋಡ ಬಂದು ಹೋದಂತೆ ಚಿತ್ರ ಕಪ್ಪಾಗಿ ಬೆಳ್ಳಗಾಗಿ ಮಿನುಗಿತು. ಆ ದಿನದ ಕೆಲಸವೆಲ್ಲ ನೀರುಪಾಲಾಯಿತು. ಬಳಿಕ ಕಿಟಕಿ ಮುಚ್ಚಿ, ದೀಪದ ಬೆಳಕಿನಲ್ಲಿ, ಮೊಬೈಲಿನ ಪರದೆಯನ್ನು ಒತ್ತಿಹಿಡಿದು ಅದರ ಬೆಳಕಿನ ಅಳತೆಯನ್ನು ಸ್ಥಿರಗೊಳಿಸಿ ತೆಗೆದೆವು. ಎರಡನೆಯ ತಪ್ಪು ಇಡ್ಲಿಯದು. ಬಿಳಿಯ ತಟ್ಟೆಯ ಮೇಲೆ ಬಿಳಿಯ ಇಡ್ಲಿ ಚಿಕ್ಕ ಪರದೆಯಲ್ಲಿ ಕಾಣಿಸಲೇ ಇಲ್ಲ. ಕೆಳಗೆ ಹಸಿರು ಬಾಳೆಲೆಯ ತುಂಡನ್ನು ಇಟ್ಟೆವು. ಪರದೆಯ ಎತ್ತರದ ಮೂರನೆಯ ಒಂದು ಭಾಗದಷ್ಟು ದೊಡ್ಡ ಇಡ್ಲಿ ಮಾಡಿದೆವು. ಅನ್ನಕ್ಕೂ ಅದೇ ಎಲೆ ಆಯಿತು.

ಪರೀಕ್ಷೆ

ಪೂರ್ತಿಯಾದ ಮೇಲೆ ಎರಡು ಪರೀಕ್ಷೆ ಮಾಡಿದೆವು. ಮೊದಲನೆಯದಾಗಿ, ಹಾಡು ಕೇಳಿರದ ಒಬ್ಬ ಮಾಣಿಯನ್ನು ಕರೆದು ಶಬ್ದವಿಲ್ಲದೆ ವಿಡಿಯೋ ತೋರಿಸಿ, ಏನು ಹೇಳುತ್ತಿರಬಹುದೆಂದು ಕೇಳಿದೆವು. "ಮುಚ್ಚಳ ತೆಗೆದು ನೋಡುತ್ತಾರೆ, ಇಡ್ಲಿ ಇದೆ, ಊದುತ್ತಾರೆ" ಎಂದ. ಚಿತ್ರವು ಮಾತಿನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇಷ್ಟು ಸಾಕು. ಮೊದಲ ವಿಡಿಯೋವನ್ನು ಹೀಗೆ ತೋರಿಸಿದಾಗ ಅವನು ಹೇಳಿದ್ದು: "ಎಲ್ಲಿಗೋ ಹೋಗುತ್ತಿದ್ದಾರೆ."

ಎರಡನೆಯದಾಗಿ, ಮಕ್ಕಳಿಗೆ ತೋರಿಸುವಾಗ ಪರದೆಯನ್ನು ನೋಡದೆ ಮಕ್ಕಳ ಮುಖವನ್ನೇ ನೋಡಿದೆವು. ಮೊದಲ ದಿನ ಆರರಲ್ಲಿ ಇಬ್ಬರು 'ಊಫ್ ಊಫ್' ಎಂದು ಊದಿದರು. ಮೂರನೆಯ ದಿನ ನಾಲ್ವರು 'ಏನುಂಟು' ಎಂಬಲ್ಲಿ ಅಂಗೈ ತೆರೆದರು. ಆರನೆಯ ದಿನ ಮಿತ್ರರ ಮಗಳು, ಮುಚ್ಚಳ ಇನ್ನೂ ನಡುಗುತ್ತಿರುವಾಗಲೇ, "ದೋಸೆ!" ಎಂದು ಕೂಗಿದಳು. ಚಿತ್ರಕ್ಕಿಂತಲೂ ಮೊದಲು ಮಗು ಹೇಳುವುದೇ ಗೆದ್ದುದರ ಗುರುತು. ಕೈಯಾಡುವುದು ಮೊದಲು, ಒಂದು ಶಬ್ದ ಅನಂತರ, ಪೂರ್ತಿ ಸಾಲು ಕೊನೆಗೆ—ನಾವು ಕಂಡ ಕ್ರಮ ಇದು. ಎರಡನೆಯ ದಿನವೇ ಹಾಡಲಿಲ್ಲವೆಂದು ವಿಡಿಯೋವನ್ನು ತಿದ್ದಲು ಹೋಗಬಾರದು.

ಇದರ ಎಲ್ಲೆಯನ್ನೂ ಹೇಳಬೇಕಾದುದು ನಮ್ಮ ಕರ್ತವ್ಯ. ಎರಡು ವರ್ಷ ತುಂಬದ ಕೂಸಿಗೆ ಇಂಥ ಪರದೆ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಎಳೆಯ ಮಕ್ಕಳು ಎದುರಿಗಿರುವ ಮನುಷ್ಯನಿಂದ ಕಲಿಯುವಷ್ಟನ್ನು ಪರದೆಯಿಂದ ಕಲಿಯುವುದಿಲ್ಲ ಎಂಬುದೂ ಅಧ್ಯಯನಗಳಿಂದ ತಿಳಿದ ವಿಷಯ. ನಮ್ಮ ಆರು ಮಕ್ಕಳಲ್ಲಿ ಇಬ್ಬರು ಕೊನೆಯವರೆಗೂ ಸಾಲನ್ನು ಹಾಡಲಿಲ್ಲ. ಅವರ ಮನೆಯಲ್ಲಿ ಯಾರೂ ಜೊತೆಗೆ ಕುಳಿತಿರಲಿಲ್ಲ. ವಿಡಿಯೋ ಮುಗಿದ ಮೇಲೆ ನಿಜವಾದ ಪಾತ್ರೆಯ ಮುಚ್ಚಳ ತೆಗೆದು ಪ್ರಶ್ನೆ ಕೇಳುವವರೊಬ್ಬರು ಮನೆಯಲ್ಲಿ ಇರಬೇಕು. ಹಾಡನ್ನು ಮುಚ್ಚಳದ ಮೇಲೆ ಕಟ್ಟಿದ್ದಕ್ಕೆ ಇದೂ ಒಂದು ಕಾರಣ, ಮುಚ್ಚಳವಿಲ್ಲದ ಮನೆಯಿಲ್ಲ.

ದೀಪಾವಳಿಯ ಮರುದಿನ ಮಿತ್ರರ ಮನೆಗೆ ಮತ್ತೆ ಹೋಗಿದ್ದೆವು. ಊರಿನಿಂದ ಅಜ್ಜಿಯ ಫೋನು ಬಂದಿತು. ಮೊಬೈಲು ಅಮ್ಮನ ಕಿವಿಯಲ್ಲಿದ್ದುದರಿಂದ ವಿಡಿಯೋ ಇರಲಿಲ್ಲ. ಮಗು ಅಡಿಗೆಮನೆಯಿಂದ ಸ್ಟೀಲು ಡಬ್ಬಿಯೊಂದನ್ನು ಎತ್ತಿಕೊಂಡು ಬಂದು, ಫೋನನ್ನು ಎಳೆದು, "ಮುಚ್ಚಳ ತೆಗೆದರೆ ಏನುಂಟು?" ಎಂದು ಕೇಳಿತು. ಆ ಕಡೆಯಿಂದ ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, "ಏನುಂಟು ಮಗಾ, ನೀನೇ ಹೇಳು" ಎಂದರು. ಮಗು ಡಬ್ಬಿಯನ್ನು ತೆರೆದು ನೋಡಿತು. ಒಳಗಿದ್ದದ್ದು ಚಕ್ಕುಲಿ. ಅದು ನಮ್ಮ ಹಾಡಿನಲ್ಲಿ ಇರಲಿಲ್ಲ, ಮಾತ್ರೆಗೂ ಒಗ್ಗುವುದಿಲ್ಲ. ಆದರೂ ಮಗು ಅದನ್ನು ಹಾಡಿನೊಳಗೆ ಸೇರಿಸಿಯೇ ಅಜ್ಜಿಗೆ ಹೇಳಿತು.